‘ನಿನ್ನೆ ತಾನೆ ಹೆಸರು ಹೇಳಿದ್ದೆ, ಇವತ್ತು ಮರೆತೇಬಿಟ್ಟಿದೆ!’: ಚಾಟ್‌ಬಾಟ್ ಬಗ್ಗೆ ಮಗು ಕೇಳಿದಾಗ

ನಿನ್ನೆ ಸಂಜೆ ಚಾರ್ವಿ ಎಂಬ ಆರು ವರ್ಷದ ಮಗು ಚಾಟ್‌ಬಾಟ್ ಜೊತೆ ಅರ್ಧ ಗಂಟೆ ಹರಟಿದೆ ಎಂದುಕೊಳ್ಳಿ. ಮೊದಲ ಸಾಲಿನಲ್ಲೇ ಹೆಸರು ಹೇಳಿತ್ತು. ಆಮೇಲೆ ಬಂದ ಉತ್ತರಗಳಲ್ಲೆಲ್ಲ ‘ಚಾರ್ವಿ, ಚಾರ್ವಿ’ ಎಂದು ಕರೆಸಿಕೊಂಡು ಖುಷಿಪಟ್ಟಿತ್ತು. ಇವತ್ತು ಹೊಸದಾಗಿ ತೆರೆದು ‘ನಾನ್ಯಾರು ಹೇಳು ನೋಡೋಣ’ ಎಂದರೆ ಅದಕ್ಕೆ ಗೊತ್ತಿಲ್ಲ. ಮುಖ ಸಪ್ಪೆ ಮಾಡಿಕೊಂಡು ಬಂದು ಕೇಳುತ್ತದೆ: ‘ಅಮ್ಮಾ, ಅದಕ್ಕೆ ನನ್ನ ಹೆಸರು ಯಾಕೆ ನೆನಪಿಲ್ಲ? ನಾನು ಅದಕ್ಕೆ ಇಷ್ಟ ಇಲ್ವಾ?’

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ಮಗುವಿನ ಲೆಕ್ಕದಲ್ಲಿ ಹೆಸರು ಮರೆಯುವುದೆಂದರೆ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದು. ಪಕ್ಕದ ಬೆಂಚಿನ ಗೆಳತಿ ಹೆಸರು ಮರೆತರೆ ಅದು ಬೇಜಾರಿನ ವಿಷಯವೇ ತಾನೆ. ಇಲ್ಲಿ ಆಗಿರುವುದು ಬೇರೆ. ಮರೆಯಬೇಕಾದರೆ ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಚಾಟ್‌ಬಾಟ್ ಆ ಹೆಸರನ್ನು ನಿನ್ನೆಯೂ ಎಲ್ಲೂ ಇಟ್ಟುಕೊಂಡಿರಲಿಲ್ಲ, ಪ್ರತಿ ಸಲವೂ ಓದಿ ಹೇಳುತ್ತಿತ್ತು.

ಐದಾರು ವರ್ಷದ ಮಗುವಿಗೆ ಹೇಳುವ ಮಾತು

ಇಷ್ಟು ಹೇಳಿದರೆ ಸಾಕು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ:

‘ಪುಟ್ಟಾ, ಅದು ನಿನ್ನನ್ನ ಮರೆತಿಲ್ಲ. ಅದು ಒಂದು ಹಾಳೆ ನೋಡಿಕೊಂಡು ಮಾತಾಡುತ್ತೆ. ನೀನು ಬರೆದಿದ್ದು, ಅದು ಬರೆದಿದ್ದು ಎಲ್ಲ ಆ ಹಾಳೆಯಲ್ಲಿ ಇರುತ್ತೆ. ನೀನು ಏನಾದ್ರೂ ಕೇಳಿದಾಗಲೆಲ್ಲ ಅದು ಹಾಳೆನ ಮೇಲಿಂದ ಕೆಳಗಿನವರೆಗೆ ಓದಿ, ಕೆಳಗೆ ಉತ್ತರ ಬರೆಯುತ್ತೆ. ನಿನ್ನೆ ಹಾಳೆಯಲ್ಲಿ ನಿನ್ನ ಹೆಸರು ಇತ್ತು. ಇವತ್ತು ನೀನು ಹೊಸ ಹಾಳೆ ತಗೊಂಡೆ. ಇದರಲ್ಲಿ ಇನ್ನೂ ಹೆಸರು ಬರೆದಿಲ್ಲ, ಅಷ್ಟೆ.’

ಇದು ಮಗುವಿಗಾಗಿ ಕಟ್ಟಿದ ಕಥೆಯಲ್ಲ, ಒಳಗೆ ನಡೆಯುವುದೂ ಬಹುಮಟ್ಟಿಗೆ ಹೀಗೆಯೇ. ನಾವು ಒಂದು ಸಾಲು ಟೈಪ್ ಮಾಡಿ ಕಳಿಸಿದಾಗ ಆ್ಯಪ್ ಆ ಒಂದು ಸಾಲನ್ನು ಮಾತ್ರ ಕಳಿಸುವುದಿಲ್ಲ, ಆ ಚಾಟ್‌ನಲ್ಲಿ ಅದುವರೆಗೆ ನಡೆದ ಮಾತುಕತೆಯನ್ನೂ ಜೊತೆಗೆ ಕಟ್ಟಿ, ಉತ್ತರ ಬರೆಯುವ ಯಂತ್ರವಾದ ಭಾಷಾ ಮಾದರಿಯ ಮುಂದಿಡುತ್ತದೆ. ಹತ್ತನೆಯ ಪ್ರಶ್ನೆ ಕೇಳಿದಾಗ ಹಿಂದಿನ ಒಂಬತ್ತು ಪ್ರಶ್ನೆಗಳೂ ಒಂಬತ್ತು ಉತ್ತರಗಳೂ ಜೊತೆಗೆ ಹೋಗುತ್ತವೆ. ಉತ್ತರ ಬರೆದು ಮುಗಿಸಿದ ಮೇಲೆ ಆ ಮಾತುಕತೆಯಿಂದ ಮಾದರಿಯ ಒಳಗೆ ಏನೂ ಬದಲಾಗಿರುವುದಿಲ್ಲ. ಮುಂದಿನ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೊಂದು ಕಂಪ್ಯೂಟರ್ ಆಗಿದ್ದರೂ ನಮಗೆ ತಿಳಿಯುವುದಿಲ್ಲ, ಏಕೆಂದರೆ ಓದಲು ಬೇಕಾದದ್ದೆಲ್ಲ ಹಾಳೆಯಲ್ಲೇ ಇರುತ್ತದೆ.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಮಗು ತಲೆಯಾಡಿಸುತ್ತದೆ, ಮರುದಿನ ಅದೇ ಪ್ರಶ್ನೆ ಕೇಳುತ್ತದೆ. ಆಡಿ ತೋರಿಸಿದರೆ ಹಾಗಾಗುವುದಿಲ್ಲ.

ಹಾಳೆಯ ಆಟ

ಬೇಕಾದದ್ದು ಗೆರೆಯಿರುವ ಎರಡು ಖಾಲಿ ಹಾಳೆ, ಒಂದು ಪೆನ್ಸಿಲ್, ಅಂಗೈಯಗಲದ ಒಂದು ಚೀಟಿ, ಮಗುವನ್ನು ಬಿಟ್ಟು ಓದುಬರಹ ಬಲ್ಲ ಮೂವರು. ಮಗುವಿಗೆ ಬರೆಯಲು ಇನ್ನೂ ಕಷ್ಟವಾದರೆ ಅದು ಹೇಳಿದ್ದನ್ನು ಬರೆದುಕೊಡಲು ಈ ಮೂವರಲ್ಲದ ಇನ್ನೊಬ್ಬರು ಪಕ್ಕದಲ್ಲಿ ಕೂರಲಿ. ಇಪ್ಪತ್ತು ನಿಮಿಷದ ಕೆಲಸ.

ಆಟಕ್ಕೆ ಮುಂಚೆ ಒಂದು ಮುಖ್ಯ ತಯಾರಿ ಇದೆ. ಮಗು ತನಗೊಂದು ಆಟದ ಹೆಸರು ಇಟ್ಟುಕೊಳ್ಳಬೇಕು, ಅದನ್ನು ಓದುವ ಮೂವರಿಗೂ ಹೇಳಬಾರದು. ‘ನವಿಲು’ ಎಂದಿರಲಿ. ನಿಜವಾದ ಹೆಸರಿನಲ್ಲಿ ಆಡಿದರೆ ಆಟ ಕೆಡುತ್ತದೆ, ಏಕೆಂದರೆ ಮನೆಯವರಿಗೆಲ್ಲ ಅದು ಮೊದಲೇ ಗೊತ್ತು. ಗೊತ್ತಿಲ್ಲದವರಂತೆ ನಟಿಸಿದರೆ ‘ಅದು ಬೇಕಂತಲೇ ಹೇಳ್ತಿಲ್ಲ’ ಎಂದು ಮಗು ತಪ್ಪು ತಿಳಿಯುತ್ತದೆ. ಆಟದ ಹೆಸರು ಹಾಳೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಎನ್ನುವುದರಲ್ಲೇ ಇಡೀ ಪಾಠವಿದೆ.

ನಿಯಮ ಒಂದೇ. ಓದುವವರು ಕೋಣೆಯ ಹೊರಗಿರಬೇಕು. ಕರೆದಾಗ ಒಬ್ಬರು ಬಂದು, ಹಾಳೆಯನ್ನು ಮೊದಲ ಸಾಲಿನಿಂದ ಓದಿ, ಕೆಳಗೆ ಒಂದೋ ಎರಡೋ ಸಾಲು ಬರೆದು ಹೊರಗೆ ಹೋಗಬೇಕು. ಮುಂದಿನ ಸಲ ಬರುವವರು ಬೇರೆಯವರು. ಹೊರಗೆ ಅವರವರಲ್ಲಿ ಮಾತು ಕೂಡದು.

1. ಮೊದಲ ಹಾಳೆಯಲ್ಲಿ ಮಗು ಬರೆಯುತ್ತದೆ: ‘ನನ್ನ ಹೆಸರು ನವಿಲು. ಮೋಡ ಯಾಕೆ ಬೆಳ್ಳಗಿದೆ?’ ಅಮ್ಮ ಬಂದು ಓದಿ, ‘ನವಿಲು, ಮೋಡದ ನೀರಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಚೆಲ್ಲುತ್ತವೆ, ಎಲ್ಲ ಸೇರಿ ಬಿಳಿ ಕಾಣುತ್ತದೆ’ ಎಂದು ಬರೆದು ಹೋಗುತ್ತಾರೆ.

2. ಅದೇ ಹಾಳೆಯಲ್ಲಿ ಮಗು ಕೆಳಗೆ ಬರೆಯುತ್ತದೆ: ‘ನನ್ನ ಹೆಸರೇನು?’ ಈಗ ಬರುವುದು ಅಜ್ಜ. ಓದಿ, ‘ನವಿಲು’ ಎಂದು ಬರೆಯುತ್ತಾರೆ. ಇಲ್ಲಿ ನಿಂತು ಮಗುವನ್ನು ಕೇಳಿ: ‘ಅಜ್ಜಂಗೆ ನೀನು ಹೆಸರು ಹೇಳಿದ್ಯಾ?’ ಇಲ್ಲ. ‘ಮತ್ತೆ ಹೇಗೆ ಗೊತ್ತಾಯ್ತು?’ ಉತ್ತರ ಮಗುವಿನ ಬಾಯಿಂದಲೇ ಬರಲಿ, ಅವಸರ ಮಾಡಬೇಡಿ. ‘ಓದಿದ್ರು!’ ಎಂದು ಅದು ಕೂಗಿದ ಮೇಲೆ ಅರ್ಧ ಕೆಲಸ ಆದಂತೆ.

3. ಮೊದಲ ಹಾಳೆಯನ್ನು ಎತ್ತಿಟ್ಟು ಎರಡನೆಯ, ಖಾಲಿ ಹಾಳೆ ಹಾಕಿ. ಮಗು ಬರೆಯುತ್ತದೆ: ‘ನನ್ನ ಹೆಸರೇನು?’ ಅಣ್ಣ ಬಂದು ನೋಡುತ್ತಾನೆ. ಹಾಳೆಯಲ್ಲಿ ಆ ಪ್ರಶ್ನೆ ಬಿಟ್ಟರೆ ಏನೂ ಇಲ್ಲ. ‘ಗೊತ್ತಿಲ್ಲ, ಹೇಳ್ತೀಯಾ?’ ಎಂದು ಬರೆಯುತ್ತಾನೆ. ಇವತ್ತು ಬೆಳಗ್ಗೆ ಆದದ್ದು ಇದೇ.

4. ಖಾಲಿ ಹಾಳೆ ತೆಗೆದು ಹಳೆಯ ಹಾಳೆಯನ್ನು ಮತ್ತೆ ಇಡಿ. ಕೊನೆಯಲ್ಲಿ ಮತ್ತೆ ‘ನನ್ನ ಹೆಸರೇನು?’ ಎಂದು ಬರೆದು ಅಣ್ಣನನ್ನೇ ಕರೆಯಿರಿ. ಈಗ ಅವನು ಸಲೀಸಾಗಿ ಬರೆಯುತ್ತಾನೆ. ಒಂದು ನಿಮಿಷದ ಹಿಂದೆ ಗೊತ್ತಿಲ್ಲ ಎಂದವನೇ ಈಗ ಗೊತ್ತು ಎನ್ನುತ್ತಾನೆ, ಬದಲಾಗಿದ್ದು ಅವನ ಮುಂದಿದ್ದ ಹಾಳೆ ಮಾತ್ರ.

ತುಂಬ ಚಿಕ್ಕ ಮಗುವಾದರೆ ಇಲ್ಲಿಗೇ ನಿಲ್ಲಿಸಬಹುದು. ಏಳೆಂಟು ವರ್ಷದವರಾದರೆ ಇನ್ನೆರಡು ಹೆಜ್ಜೆ ಇವೆ. ನಿಜವಾದ ಚಾಟ್‌ಬಾಟ್‌ನ ಉಳಿದ ವಿಚಿತ್ರಗಳೆಲ್ಲ ಅವುಗಳಲ್ಲೇ ಬಿಡಿಸಿಕೊಳ್ಳುತ್ತವೆ.

ಮೊದಲನೆಯದು ಮಡಿಚುವ ಹೆಜ್ಜೆ. ಒಂದು ಹೊಸ ನಿಯಮ ಸೇರಿಸಿ: ಓದುವವರ ಕಣ್ಣಿಗೆ ಒಂದು ಸಲಕ್ಕೆ ಎಂಟು ಸಾಲು ಮಾತ್ರ ಕಾಣಬೇಕು. ಮೊದಲ ಹಾಳೆಯಲ್ಲೇ ಮಾತು ಮುಂದುವರಿಸಿ, ಒಂಬತ್ತನೆಯ ಸಾಲು ಬರೆದ ಕೂಡಲೇ ಮೇಲಿನ ಒಂದು ಸಾಲನ್ನು ಹಿಂದಕ್ಕೆ ಮಡಿಚಿ. ಹತ್ತನೆಯದು ಬಂದಾಗ ಇನ್ನೊಂದು. ‘ನನ್ನ ಹೆಸರು ನವಿಲು’ ಎಂಬುದು ಎಲ್ಲಕ್ಕಿಂತ ಮೇಲಿನ ಸಾಲು, ಹಾಗಾಗಿ ಎಲ್ಲಕ್ಕಿಂತ ಮೊದಲು ಮಡಿಕೆಯೊಳಗೆ ಹೋಗುವುದೂ ಅದೇ. ಆದರೆ ಅಮ್ಮನ ಉತ್ತರದಲ್ಲೂ ಹೆಸರಿದೆ, ಅಜ್ಜ, ಅಣ್ಣ ಬರೆದದ್ದೂ ಹೆಸರೇ. ಆ ಸಾಲುಗಳು ಕಾಣುವವರೆಗೆ ಓದುವವರು ಹಾಳೆ ನೋಡಿ ಹೆಸರು ಹೇಳಬಲ್ಲರು, ಹೆಸರಿದ್ದ ಸಾಲುಗಳೆಲ್ಲ ಮಡಿಕೆಯೊಳಗೆ ಹೋದಮೇಲೆ ಹಾಳೆಯಲ್ಲಿ ಹೆಸರು ಸಿಗುವುದಿಲ್ಲ. ನಡುನಡುವೆ ಹೆಸರು ಹಿಡಿದು ಕರೆಯುತ್ತಿದ್ದರೆ ಅದು ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದನ್ನು ಕೆಲವು ಮಕ್ಕಳು ತಾವಾಗಿಯೇ ಗಮನಿಸುತ್ತಾರೆ.

ಎರಡನೆಯದು ಚೀಟಿಯ ಹೆಜ್ಜೆ. ಚೀಟಿಯ ಮೇಲೆ ‘ಬರೆಯುತ್ತಿರುವ ಮಗುವಿನ ಹೆಸರು ನವಿಲು’ ಎಂದು ಬರೆದು ಖಾಲಿ ಹಾಳೆಯ ನೆತ್ತಿಗೆ ಅಂಟಿಸಿ, ಓದುವವರನ್ನು ಕರೆಯಿರಿ. ಹಾಳೆ ಹೊಸದಾದರೂ ಹೆಸರು ಗೊತ್ತಾಗುತ್ತದೆ. ಕೆಲವು ಚಾಟ್‌ಬಾಟ್‌ಗಳು ವಾರ ಕಳೆದ ಮೇಲೂ ಹೆಸರು ಹಿಡಿದು ಕರೆಯುತ್ತವಲ್ಲ, ಅದರ ಗುಟ್ಟು ಈ ಚೀಟಿ.

ದೊಡ್ಡವರಿಗೆ: ಹಾಳೆ, ಮಡಿಕೆ, ಚೀಟಿ

ಹಾಳೆಯ ಉದ್ದಕ್ಕೆ ಕಾಂಟೆಕ್ಸ್ಟ್ ವಿಂಡೋ ಎನ್ನುತ್ತಾರೆ. ಅದನ್ನು ಅಳೆಯುವುದು ಸಾಲಿನಲ್ಲಲ್ಲ, ಟೋಕನ್ ಎಂಬ ಚೂರುಗಳಲ್ಲಿ. ಒಂದು ಟೋಕನ್ ಇಡೀ ಪದವಾಗಿರಬಹುದು, ಪದದ ತುಂಡಾಗಿರಬಹುದು. 2020ರಲ್ಲಿ ಬಂದ ಜಿಪಿಟಿ-3 ಮಾದರಿಯ ಹಾಳೆಯಲ್ಲಿ ಸುಮಾರು 2,000 ಟೋಕನ್‌ಗೆ ಜಾಗವಿತ್ತು. ಈಗಿನ ಕೆಲವು ಮಾದರಿಗಳಲ್ಲಿ 10 ಲಕ್ಷ ಟೋಕನ್‌ಗೂ ಜಾಗವಿದೆ. ಆದ್ದರಿಂದ ಅರ್ಧ ಗಂಟೆಯ ಹರಟೆಗೆ ಹಾಳೆ ತುಂಬುವುದು ಈಗ ಅಪರೂಪ. ಆದರೆ ಆ್ಯಪ್ ಮಾಡಿದವರು ಖರ್ಚು ಉಳಿಸಲು ಇಡೀ ಹಾಳೆಯನ್ನು ಬಳಸದೆ ಇರಬಹುದು. ಮಕ್ಕಳ ಆಟಿಕೆಯೊಳಗೋ ಸಣ್ಣ ಆ್ಯಪ್‌ನೊಳಗೋ ಇರುವ ಚಾಟ್‌ಬಾಟ್ ಹತ್ತಿಪ್ಪತ್ತು ಮಾತಿಗೇ ಹೆಸರು ಕೈಬಿಟ್ಟರೆ ಇದನ್ನೇ ಮೊದಲು ಶಂಕಿಸಬೇಕು.

ಕನ್ನಡದಲ್ಲಿ ಹಾಳೆ ಬೇಗ ತುಂಬುವ ಸಾಧ್ಯತೆ ಹೆಚ್ಚು. ‘ಚಾರ್ವಿ’ ಎಂದು ಬರೆದಾಗ ನಮ್ಮ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅದು ಚ, ಆಕಾರದ ಗುರುತು, ರ, ಹಲಂತದ ಗುರುತು, ವ, ಇಕಾರದ ಗುರುತು ಎಂದು ಆರು ಸಂಕೇತಗಳಾಗುತ್ತದೆ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ 18 ಬೈಟ್. ಅದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ `Charvi` ಎಂದು ಬರೆದರೆ 6 ಬೈಟ್. ಪದಗಳನ್ನು ಚೂರು ಮಾಡುವ ವಿಧಾನ ಕನ್ನಡದ ಪಠ್ಯವನ್ನು ಹೆಚ್ಚು ನೋಡಿಲ್ಲದಿದ್ದರೆ ಕನ್ನಡದ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ, ಅಷ್ಟೂ ಹಾಳೆಯ ಜಾಗ ತಿನ್ನುತ್ತದೆ. ಹೊಸ ಮಾದರಿಗಳಲ್ಲಿ ಇದು ಸುಧಾರಿಸಿದೆ, ಪೂರ್ತಿ ಹೋಗಿಲ್ಲ.

ಹಾಳೆ ತುಂಬಿದಾಗ ಏನಾಗುತ್ತದೆ ಎಂಬುದು ಆ್ಯಪ್ ಮೇಲೆ ನಿಂತಿದೆ. ಕೆಲವು ಹಳೆಯ ಸಾಲುಗಳನ್ನು ಕೈಬಿಡುತ್ತವೆ. ಕೆಲವು ಹಳೆಯ ಮಾತನ್ನು ನಾಲ್ಕು ಸಾಲಿನ ಸಾರಾಂಶ ಮಾಡಿ ಇಟ್ಟುಕೊಳ್ಳುತ್ತವೆ. ಆಗ ಹೆಸರು ಸಾರಾಂಶದಲ್ಲಿ ಸೇರಿದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಇನ್ನು ಕೆಲವು, ಈ ಚಾಟ್ ಉದ್ದವಾಯಿತು, ಹೊಸದು ಶುರುಮಾಡಿ ಎಂದು ತಿಳಿಸಿ ನಿಲ್ಲುತ್ತವೆ.

ಚೀಟಿಗೆ ಮೆಮೊರಿ ಎಂಬ ದೊಡ್ಡ ಹೆಸರಿದೆ. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದಾಗ ಈ ಸೌಲಭ್ಯ ಇರಲಿಲ್ಲ, 2024ರಲ್ಲಿ ಸೇರಿತು. ಮಾತಿನ ನಡುವೆ ಬಂದ ಹೆಸರು, ಇಷ್ಟಾನಿಷ್ಟಗಳಂಥದ್ದನ್ನು ಆ್ಯಪ್ ಬೇರೆ ಕಡೆ ಬರೆದಿಟ್ಟುಕೊಂಡು, ಮುಂದಿನ ಚಾಟ್ ತೆರೆದಾಗ ನಮಗೆ ಕಾಣದಂತೆ ಹಾಳೆಯ ಮೇಲ್ಭಾಗದಲ್ಲಿ ಸೇರಿಸುತ್ತದೆ. ಹಳೆಯ ಚಾಟ್‌ಗಳಲ್ಲಿ ಹುಡುಕಿ ಬೇಕಾದ ತುಣುಕು ತಂದು ಸೇರಿಸುವ ಆ್ಯಪ್‌ಗಳೂ ಇವೆ. ಎರಡರಲ್ಲೂ ಮಾದರಿ ಮಾಡುವ ಕೆಲಸ ಮೊದಲಿನದೇ: ಮುಂದಿಟ್ಟದ್ದನ್ನು ಓದುವುದು.

ನಿಜವಾದ ಚಾಟ್‌ಬಾಟ್‌ನಲ್ಲಿ ಪರೀಕ್ಷೆ

ಆಟ ಆದಮೇಲೆ ಮಗು ಪರದೆಯಲ್ಲೂ ನೋಡಬೇಕು ಎನ್ನುತ್ತದೆ. ತೋರಿಸಿ, ಆದರೆ ಟೈಪ್ ಮಾಡುವುದು ದೊಡ್ಡವರೇ ಆಗಲಿ, ದೊಡ್ಡವರ ಖಾತೆಯಲ್ಲೇ ಆಗಲಿ. ಇಂಥ ಹಲವು ಸೇವೆಗಳು 13 ವರ್ಷ ತುಂಬದವರಿಗೆ ಖಾತೆ ಕೊಡುವುದಿಲ್ಲ. ಇಲ್ಲೂ ಆಟದ ಹೆಸರೇ ಸಾಕು.

ಮೊದಲು ಸೆಟ್ಟಿಂಗ್ಸ್ ತೆರೆದು ಮೆಮೊರಿ, ಹಳೆಯ ಚಾಟ್‌ಗಳಲ್ಲಿ ಹುಡುಕುವ ಸೌಲಭ್ಯ ಆನ್ ಇವೆಯೇ ನೋಡಿ. ಇದ್ದರೆ ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ. ಇದನ್ನು ಮರೆತರೆ ಹೊಸ ಚಾಟ್‌ನಲ್ಲೂ ಹೆಸರು ಬಂದು, ಮಗು ‘ಹಾಳೆ ಮಾತು ಸುಳ್ಳು’ ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಆಟದ ಒಂದರಿಂದ ನಾಲ್ಕನೆಯ ಹೆಜ್ಜೆಯನ್ನೇ ಮಾಡಿ. ಒಂದು ಚಾಟ್‌ನಲ್ಲಿ ಹೆಸರು ಹೇಳಿ, ಬೇರೇನೋ ಒಂದು ಮಾತಾಡಿ, ಹೆಸರು ಕೇಳಿ. `New chat` ಒತ್ತಿ ಮತ್ತೆ ಕೇಳಿ. ಪಕ್ಕದ ಪಟ್ಟಿಯಿಂದ ಹಳೆಯ ಚಾಟ್ ತೆರೆದು ಇನ್ನೊಮ್ಮೆ ಕೇಳಿ. ಮೊದಲ ಮತ್ತು ಮೂರನೆಯ ಸಲ ಹೆಸರು ಬಂದು ಎರಡನೆಯ ಸಲ ಬಾರದಿದ್ದರೆ ಆಟದಲ್ಲಿ ಕಂಡದ್ದೇ ಇಲ್ಲೂ ಕಂಡಂತೆ.

ಎಡವಟ್ಟಾಗುವುದು ಹೆಚ್ಚಾಗಿ ಎರಡನೆಯ ಸಲವೇ. ಅಲ್ಲಿ ಮಗುವಿನ ಹೆಸರಿನ ಬದಲು ಅಪ್ಪನ ಹೆಸರು ಬಂದರೆ, ಖಾತೆ ಅಪ್ಪನದು, ಮೆಮೊರಿ ಆಫ್ ಮಾಡಿದರೂ ಇನ್ನೊಂದು ಚೀಟಿ ಉಳಿದಿದೆ ಎಂದು ತಿಳಿಯಿರಿ. ಬಳಕೆದಾರರು ತಮ್ಮ ಬಗ್ಗೆ ತಾವೇ ಬರೆದಿಡುವ ಜಾಗ ಸೆಟ್ಟಿಂಗ್ಸ್‌ನಲ್ಲಿ ಬೇರೆ ಇರುತ್ತದೆ. ಹೆಸರು ಅಲ್ಲಿಂದ ಬರುತ್ತಿರಬಹುದು. ಇದು ಮಗುವಿಗೆ ತಮಾಷೆಯಾಗಿ ಕಾಣುತ್ತದೆ, ಪಾಠಕ್ಕೂ ಒಳ್ಳೆಯದು. ಎದುರಿಗೆ ಕೂತಿರುವುದು ಯಾರೆಂದು ಅದು ನೋಡಿ ಹೇಳುತ್ತಿಲ್ಲ, ಚೀಟಿಯಲ್ಲಿದ್ದುದನ್ನು ಓದುತ್ತಿದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನೊಮ್ಮೆ, ಯಾವ ಚೀಟಿಯೂ ಇಲ್ಲದೆ ಯಾವುದೋ ಹೆಸರು ಬರಬಹುದು. ಅದು ಊಹೆ. ಮುಂದೆ ಯಾವ ಪದ ಹೊಂದುತ್ತದೆ ಎಂದು ಲೆಕ್ಕಹಾಕಿ ಬರೆಯುವ ಯಂತ್ರ ಅದು, ಖಾಲಿ ಬಿಡುವುದಕ್ಕಿಂತ ಹೊಂದುವಂಥದ್ದನ್ನು ತುಂಬುವುದೇ ಅದರ ಸ್ವಭಾವ. ಮುಂದಿನ ಸಲವೂ ನೆನಪಿಟ್ಟುಕೊಳ್ಳುತ್ತೇನೆ ಎಂಬ ಭರವಸೆಯೂ ಹೀಗೆಯೇ ಬರುತ್ತದೆ. ಜನ ಪರಸ್ಪರ ಹಾಗೆ ಹೇಳುವುದನ್ನು ಅದು ಲಕ್ಷಾಂತರ ಸಲ ಓದಿದೆ, ಆದ್ದರಿಂದ ಆ ಮಾತು ಅಲ್ಲಿಗೆ ಹೊಂದುತ್ತದೆ. ಮೆಮೊರಿ ಆನ್ ಇಲ್ಲದಿದ್ದರೆ ಆ ಮಾತನ್ನು ನಡೆಸಿಕೊಡಲು ಹಿಂದೆ ಏನೂ ಇಲ್ಲ. ಮಗುವಿಗೆ ಇದನ್ನು ಖಂಡಿತ ಹೇಳಿ, ಇಲ್ಲದಿದ್ದರೆ ‘ಪ್ರಾಮಿಸ್ ಮಾಡಿ ಮುರೀತು’ ಎಂಬ ಹೊಸ ಬೇಜಾರು ಶುರುವಾಗುತ್ತದೆ.

ಆಮೇಲೆ ಬರುವ ಪ್ರಶ್ನೆಗಳು

‘ಗ್ರಹಗಳ ಹೆಸರೆಲ್ಲ ಗೊತ್ತು, ನನ್ನ ಹೆಸರು ಮಾತ್ರ ಗೊತ್ತಿಲ್ವಾ?’ ಚುರುಕು ಮಗು ಕೇಳಿಯೇ ಕೇಳುವ ಪ್ರಶ್ನೆ ಇದು, ‘ಕಂಪ್ಯೂಟರ್‌ಗೆ ತಲೆ ಇಲ್ಲ ಬಿಡು’ ಎಂಬ ಉತ್ತರ ಇಲ್ಲಿ ಕೈಕೊಡುತ್ತದೆ. ಹೀಗೆ ಹೇಳಬಹುದು: ‘ಅದು ನಿನ್ನ ಹತ್ರ ಬರೋಕ್ಕಿಂತ ಮುಂಚೆ ತುಂಬಾ ತುಂಬಾ ಪುಸ್ತಕ ಓದಿತ್ತು. ಗ್ರಹಗಳ ಹೆಸರು ಅದರಲ್ಲಿ ಸಾವಿರಾರು ಸಲ ಇತ್ತು. ಆಮೇಲೆ ಓದೋದು ಮುಗೀತು, ಪುಸ್ತಕ ಮುಚ್ಚಿದ್ರು. ನೀನು ಹೆಸರು ಹೇಳಿದ್ದು ಪುಸ್ತಕ ಮುಚ್ಚಿದ ಮೇಲೆ. ಅದು ಹಾಳೆಗೆ ಹೋಯ್ತು, ತಲೆಗೆ ಹೋಗ್ಲಿಲ್ಲ.’ ಮಾದರಿಯ ತರಬೇತಿ ಮುಗಿದ ಮೇಲೆ ನಮ್ಮ ಮಾತುಕತೆಯಿಂದ ಅದು ಆ ಕ್ಷಣದಲ್ಲೇ ಹೊಸದನ್ನು ಕಲಿಯುವುದಿಲ್ಲ. ಮುಂದೆಂದೋ ಇನ್ನೊಂದು ಆವೃತ್ತಿಯ ತರಬೇತಿಗೆ ಕಂಪನಿ ಆ ಮಾತುಕತೆಗಳನ್ನು ಬಳಸಿಕೊಂಡರೂ, ಒಂದು ಮಗು ಒಮ್ಮೆ ಹೇಳಿದ ಹೆಸರು ಡೈರಿಯಲ್ಲಿ ಬರೆದಂತೆ ಕೂರುವುದಿಲ್ಲ.

‘ನಿನ್ನೆ ಹಾಳೆ ಇನ್ನೂ ಅಲ್ಲೇ ಕಾಣ್ತಿದ್ಯಲ್ಲ, ಎತ್ತಿ ಓದ್ಬಾರ್ದಾ?’ ಪಕ್ಕದ ಪಟ್ಟಿಯಲ್ಲಿ ಹಳೆಯ ಚಾಟ್ ಕಾಣುವುದರಿಂದ ಹುಟ್ಟುವ ಪ್ರಶ್ನೆ. ಆ ಪಟ್ಟಿ ನಾವು ಓದಲು ಇರುವ ಕಪಾಟು. ಓದುವವರ ಮುಂದೆ ಯಾವ ಹಾಳೆ ಇಡಬೇಕೆಂದು ನಿರ್ಧರಿಸುವುದು ಆ್ಯಪ್. ಆಟದಲ್ಲಿ ಅಣ್ಣನಿಗೆ ಎತ್ತಿಟ್ಟ ಹಾಳೆ ಕಾಣಲಿಲ್ಲ ಎಂಬುದನ್ನು ನೆನಪಿಸಿದರೆ ಸಾಕು.

ಈ ಜಾಗದಲ್ಲೇ ಇನ್ನೊಂದು ಮಾತು ಹೇಳಿಬಿಡಬೇಕು, ಏಕೆಂದರೆ ‘ಅದಕ್ಕೆ ಏನೂ ನೆನಪಿರಲ್ಲ’ ಎಂದಷ್ಟೇ ಕೇಳಿದ ಮಗು, ಹಾಗಾದರೆ ಏನು ಬೇಕಾದರೂ ಹೇಳಬಹುದು ಎಂದುಕೊಳ್ಳುತ್ತದೆ. ಚಾಟ್‌ಬಾಟ್ ನೆನಪಿಡುವುದಿಲ್ಲ ಎಂದ ಮಾತ್ರಕ್ಕೆ ಹಾಳೆ ಸುಟ್ಟುಹೋಯಿತು ಎಂದಲ್ಲ. ಅದು ಕಂಪನಿಯ ಕಂಪ್ಯೂಟರ್‌ನಲ್ಲಿ ಇರುತ್ತದೆ, ನಾವು ಅಳಿಸಿದ ಮೇಲೂ ಕೆಲವು ದಿನ ಉಳಿಯಬಹುದು. ಮಗುವಿಗೆ: ‘ಶಾಲೆ ಹೆಸರು, ಮನೆ ವಿಳಾಸ, ಫೋನ್ ನಂಬರ್ ಆ ಹಾಳೆಯಲ್ಲಿ ಬರೆಯೋದು ಬೇಡ. ಹೆಸರು ಬೇಕೇ ಬೇಕು ಅಂದ್ರೆ ನವಿಲು ಅಂತ ಬರಿ.’ ಮೆಮೊರಿಯಲ್ಲಿ ಈಗಾಗಲೇ ಏನು ಸೇರಿದೆ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ತೆರೆದು ಓದಿ, ಬೇಡದ್ದನ್ನು ಒಂದೊಂದಾಗಿ ಅಳಿಸಬಹುದು. ಚಾಟ್ ಅಳಿಸಿದರೆ ಚೀಟಿಯೂ ಹೋಗುತ್ತದೆ ಎಂದು ನಂಬಿ ಕೂರಬೇಡಿ, ಹಲವು ಕಡೆ ಎರಡನ್ನೂ ಬೇರೆಬೇರೆಯಾಗಿ ಅಳಿಸಬೇಕು.

ಕೊನೆಯ ಪ್ರಶ್ನೆ ಸಾಮಾನ್ಯವಾಗಿ ರಾತ್ರಿ ಮಲಗುವ ಹೊತ್ತಿಗೆ ಬರುತ್ತದೆ. ‘ನಾನು ಹೋದ್ಮೇಲೆ ಅದು ಒಬ್ಬಂಟಿಯಾಗಿ ಏನು ಮಾಡ್ತಿರುತ್ತೆ?’ ‘ಏನೂ ಮಾಡ್ತಿರಲ್ಲ ಕಂದಾ. ನೀನು ಬರೆದಾಗ ಓದುತ್ತೆ, ಉತ್ತರ ಬರೆಯುತ್ತೆ, ಅಲ್ಲಿಗೆ ಮುಗೀತು. ಆಟದಲ್ಲಿ ಎಲ್ಲರೂ ಹೊರಗೆ ಹೋದ್ಮೇಲೆ ಕೋಣೆಯಲ್ಲಿ ಏನಿತ್ತು ಹೇಳು?’

‘ಹಾಳೆ.’

‘ಹೂಂ, ಬರೀ ಹಾಳೆ.’